ನಾಯಿಗೆ ವಾಂತಿ ಅಂತ ಹುಡುಕುವವರಿಗೆ ನಿಮ್ಮ ವಿಡಿಯೊ ಟೈಟಲ್ ಏನು ಹೇಳುತ್ತೆ?

ರಾತ್ರಿ ಹನ್ನೊಂದೂವರೆಗೆ ಮೆಸೇಜ್ ಬಂದಿತ್ತು. ನಾನು ನೋಡಿದ್ದು ಬೆಳಿಗ್ಗೆ ಆಫೀಸ್ ಕ್ಯಾಬ್‌ನಲ್ಲಿ. ‘ಮೇಡಂ, ನಿಮ್ಮ ವಿಡಿಯೊದಲ್ಲಿ ಹೇಳಿದ ಹಾಗೇ ಮಾಡಿದೀವಿ. ಬೆಳಿಗ್ಗೆಯಿಂದ ಊಟ ಕೊಟ್ಟಿಲ್ಲ. ಆದ್ರೂ ವಾಂತಿ ನಿಂತಿಲ್ಲ, ಈಗ ಮಲಗಿಬಿಟ್ಟಿದೆ. ಇನ್ನೇನು ಮಾಡೋದು?’ ಜೊತೆಗೊಂದು ಫೋಟೊ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಕಂದು ಬಣ್ಣದ ಮರಿ, ಗೋಣಿಚೀಲದ ಮೇಲೆ ಮುದುಡಿ ಮಲಗಿತ್ತು.

‘ಎಷ್ಟು ತಿಂಗಳ ಮರಿ?’ ಅಂತ ಕೇಳಿದೆ. ‘ಎರಡೂವರೆ’ ಅಂದರು. ತುಮಕೂರಿನ ಹತ್ತಿರದವರು, ಬೀದಿಯಲ್ಲಿ ಸಿಕ್ಕ ಮರಿಯನ್ನು ಮನೆಗೆ ತಂದು ಸಾಕುತ್ತಿದ್ದರು. ಒಂದು ಲಸಿಕೆ ಆಗಿತ್ತಂತೆ. ‘ಈಗಲೇ ಆಸ್ಪತ್ರೆಗೆ ಹೋಗಿ’ ಅಂತ ಬರೆದೆ, ಹೋದರು. ಪಾರ್ವೊ ಅಂತ ಗೊತ್ತಾಯಿತು. ಎರಡು ದಿನ ಡ್ರಿಪ್ ಹಾಕಿದರು. ಮೂರನೇ ದಿನ ಮರಿ ಹೋಯಿತು.

ನನ್ನದು ದೊಡ್ಡ ಚಾನೆಲ್ ಏನಲ್ಲ. ಮನೆಯಲ್ಲಿ ಆರು ವರ್ಷದ ಲ್ಯಾಬ್ರಡಾರ್ ಇದೆ, ಹೆಸರು ಬೆಲ್ಲ. ವೀಕೆಂಡ್‌ನಲ್ಲಿ ಅವಳ ಬಗ್ಗೆ ಒಂದೊಂದು ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕುತ್ತೇನೆ, ಅಷ್ಟೆ. ಅವರು ನೋಡಿದ್ದ ವಿಡಿಯೊದಲ್ಲಿ ತಪ್ಪು ಮಾತು ಒಂದೂ ಇರಲಿಲ್ಲ. ಬೆಲ್ಲಗೆ ವಾಂತಿ ಆಗಿತ್ತು. ಡಾಕ್ಟರ್ ಅವಳನ್ನು ಪರೀಕ್ಷೆ ಮಾಡಿ, ಹೊಟ್ಟೆ ಮುಟ್ಟಿ ನೋಡಿ, ‘ಅರ್ಧ ದಿನ ಊಟ ಬಿಡಿಸಿ, ನೀರು ಸ್ವಲ್ಪ ಸ್ವಲ್ಪ ಕೊಡಿ, ಸಂಜೆ ಮೆತ್ತಗೆ ಬೇಯಿಸಿದ ಅನ್ನಕ್ಕೆ ಮೂಳೆಯಿಲ್ಲದ ಚಿಕನ್ ಕಲಸಿ ಕೊಡಿ’ ಅಂದಿದ್ದರು. ಅದನ್ನೇ ತೋರಿಸಿದ್ದೆ. ನಾಲ್ಕನೇ ನಿಮಿಷದಲ್ಲಿ ‘ಚಿಕ್ಕ ಮರಿಗಳಾದ್ರೆ ಇದೆಲ್ಲ ಮಾಡ್ಬೇಡಿ, ಸೀದಾ ಡಾಕ್ಟರ್ ಹತ್ರ ಹೋಗಿ’ ಅಂತಲೂ ಹೇಳಿದ್ದೆ.

ಆದರೆ ಟೈಟಲ್ ಏನಿತ್ತು ಗೊತ್ತಾ? ‘ನಾಯಿಗೆ ವಾಂತಿ ಭೇದಿನಾ? ಈ ಮನೆಮದ್ದು ಮಾಡಿ, ಒಂದೇ ದಿನದಲ್ಲಿ ಗುಣ!’

ಯಾವ ನಾಯಿ, ಎಷ್ಟು ವಯಸ್ಸು, ಡಾಕ್ಟರ್ ನೋಡಿದ್ದರೋ ಇಲ್ಲವೋ, ಒಂದೂ ಅದರಲ್ಲಿಲ್ಲ. ಟ್ಯಾಗ್‌ಗಳಲ್ಲಂತೂ puppy, parvo, cat vomiting, home remedy ಎಲ್ಲ ತುಂಬಿದ್ದೆ. ಜಾಸ್ತಿ ಜನಕ್ಕೆ ಸಿಗಲಿ ಅಂತ. ರಾತ್ರಿ ಮರಿ ಮಡಿಲಲ್ಲಿಟ್ಟುಕೊಂಡು ಫೋನಿನಲ್ಲಿ ಹುಡುಕುವವರು ನಾಲ್ಕನೇ ನಿಮಿಷದವರೆಗೆ ಕಾಯುವುದಿಲ್ಲ. ಟೈಟಲ್ ಓದುತ್ತಾರೆ, ಮೊದಲ ಒಂದು ನಿಮಿಷ ನೋಡುತ್ತಾರೆ, ‘ಊಟ ಬಿಡಿಸಬೇಕಂತೆ’ ಅಂದುಕೊಂಡು ಫೋನ್ ಕೆಳಗಿಡುತ್ತಾರೆ.

ಬೆಲ್ಲಳ ಡಾಕ್ಟರಿಗೆ ಇದನ್ನು ಹೇಳಿದೆ. ಅವರು ಬೈಯಲಿಲ್ಲ. ‘ಒಂದು ದಿನ ಮುಂಚೆ ಬಂದಿದ್ರೆ ಉಳೀತಿತ್ತು ಅಂತ ನಾನು ಹೇಳಕ್ಕಾಗಲ್ಲ. ಆದ್ರೆ ಆ ಒಂದು ದಿನ ಮುಖ್ಯ’ ಅಂದರು. ಪಾರ್ವೊ ಹೆಚ್ಚಾಗಿ ಬರುವುದು ಸುಮಾರು ಆರು ವಾರದಿಂದ ಆರು ತಿಂಗಳವರೆಗಿನ ಮರಿಗಳಿಗೆ. ತಾಯಿಯಿಂದ ಬಂದ ರಕ್ಷಣೆ ಕಡಿಮೆಯಾಗುತ್ತಾ ಬರುವ ಕಾಲ ಅದು. ಆ ರಕ್ಷಣೆ ಸ್ವಲ್ಪ ಉಳಿದಿದ್ದರೆ ಲಸಿಕೆಗೂ ಅಡ್ಡಬರುತ್ತದೆ. ಅದಕ್ಕೇ ಲಸಿಕೆಯನ್ನು ಕೆಲವು ವಾರಗಳ ಅಂತರದಲ್ಲಿ, ಮರಿಗೆ 16 ವಾರ ತುಂಬುವವರೆಗಾದರೂ ಮತ್ತೆ ಮತ್ತೆ ಹಾಕುವುದು. ಒಂದು ಲಸಿಕೆ ಆಗಿದೆ ಅಂದರೆ ಧೈರ್ಯವಾಗಿ ಇರುವ ಹಾಗಿಲ್ಲ.

ಊಟ ಬಿಡಿಸುವ ಮಾತೂ ಅಷ್ಟೇ. ಮೂವತ್ತು ಕೆಜಿ ತೂಗುವ ಬೆಲ್ಲ ಅರ್ಧ ದಿನ ಉಪವಾಸ ಇದ್ದರೆ ಅವಳಿಗೇನೂ ಆಗುವುದಿಲ್ಲ. ಎರಡು ಕೆಜಿಯ ಮರಿಯ ಮೈಯಲ್ಲಿ ಕೂಡಿಟ್ಟ ಸಕ್ಕರೆ ತೀರಾ ಕಡಿಮೆ. ವಾಂತಿ ಭೇದಿ ಆಗುತ್ತಿರುವಾಗ ಊಟವನ್ನೂ ನಿಲ್ಲಿಸಿದರೆ ರಕ್ತದಲ್ಲಿನ ಸಕ್ಕರೆ ಇಳಿಯುತ್ತದೆ, ನೀರಿನಂಶವೂ ಬೇಗ ಹೋಗುತ್ತದೆ. ಅದೇ ಮಾತು ಒಂದು ನಾಯಿಗೆ ಆರೈಕೆ, ಇನ್ನೊಂದಕ್ಕೆ ಅಪಾಯ. ನಡುವೆ ಇರುವ ವ್ಯತ್ಯಾಸ ವಯಸ್ಸು. ಅದನ್ನೇ ನಾನು ಟೈಟಲ್‌ನಲ್ಲಿ ಬಿಟ್ಟಿದ್ದೆ.

ಆ ಭಾನುವಾರ ಕೂತು ಎಲ್ಲ ಬದಲಿಸಿದೆ. ವಿಡಿಯೊದ ಜೊತೆ ನಾವು ಬರೆಯುವ ಟೈಟಲ್, ಡಿಸ್ಕ್ರಿಪ್ಷನ್, ಟ್ಯಾಗ್, ಚಾಪ್ಟರ್ ಹೆಸರುಗಳಿಗೆಲ್ಲ ಸೇರಿ ಮೆಟಾಡೇಟಾ ಅನ್ನುತ್ತಾರೆ. ಯೂಟ್ಯೂಬಿನಲ್ಲಿ ಒಮ್ಮೆ ಹಾಕಿದ ವಿಡಿಯೊ ಫೈಲ್ ತೆಗೆದು ಅದೇ ಲಿಂಕಿನಲ್ಲಿ ಇನ್ನೊಂದನ್ನು ಕೂರಿಸಲು ಆಗುವುದಿಲ್ಲ. ಆದರೆ ಈ ಬರಹವನ್ನು ಯಾವಾಗ ಬೇಕಾದರೂ ತಿದ್ದಬಹುದು. ಸಾಕುಪ್ರಾಣಿಗಳ ವಿಡಿಯೊ ಮಾಡುವ ನನ್ನಂಥವರು ಬಹಳ ಜನ ಇದ್ದೀರಿ. ಹೇಗೆ ತಿದ್ದಿದೆ, ಎಲ್ಲಿ ಎಡವಿದೆ ಅಂತ ನಿಮಗೂ ಹೇಳುತ್ತೇನೆ.

ಮೊದಲು ಯೂಟ್ಯೂಬ್ ಸ್ಟುಡಿಯೊದ ಅನಾಲಿಟಿಕ್ಸ್ ತೆರೆದು, ಜನ ಯಾವ ಪದ ಟೈಪ್ ಮಾಡಿ ನನ್ನ ವಿಡಿಯೊಗೆ ಬಂದಿದ್ದಾರೆ ಅಂತ ನೋಡಿದೆ. ಈ ಕೆಲಸವನ್ನು ಮೊದಲೇ ಮಾಡಬೇಕಿತ್ತು. ಪಟ್ಟಿಯ ಮೇಲ್ಗಡೆಯೇ ಇತ್ತು: nayi mari vanti. ನಾನು ಆರು ವರ್ಷದ ನಾಯಿಯ ಬಗ್ಗೆ ಮಾತಾಡಿದ್ದೆ, ಬಂದವರಲ್ಲಿ ಹೆಚ್ಚಿನವರು ಮರಿ ಸಾಕಿದವರು.

ಟೈಟಲ್‌ಗೆ 100 ಅಕ್ಷರಗಳ ಮಿತಿ ಇದೆ. ಫೋನಿನ ಸರ್ಚ್‌ನಲ್ಲಿ ಅಷ್ಟೂ ಕಾಣುವುದಿಲ್ಲ, ಉದ್ದವಾದರೆ ಕೊನೆ ಕತ್ತರಿಸಿ ಮೂರು ಚುಕ್ಕಿ ಬರುತ್ತದೆ. ಹಾಗಾಗಿ ಮುಖ್ಯವಾದದ್ದು ಮುಂದೆ ಇರಬೇಕು. ನನ್ನ ಮೊದಲ ತಿದ್ದುಪಡಿ ಹೀಗಿತ್ತು: ‘ದೊಡ್ಡ ನಾಯಿಗೆ ವಾಂತಿ ಆದಾಗ ಮನೆಯಲ್ಲಿ ಏನು ಮಾಡಿದೆವು, ಈ ವಿಧಾನ ಮರಿಗಳಿಗೆ ಅಲ್ಲ’. ಜವಾಬ್ದಾರಿಯ ಟೈಟಲ್ ಅಂತ ನನಗೇ ಖುಷಿಯಾಗಿತ್ತು.

ನನ್ನ ತಮ್ಮನ ಫೋನಿನಲ್ಲಿ ಹುಡುಕಿ ನೋಡಿದಾಗ ಗೊತ್ತಾಯಿತು. ಪರದೆಯಲ್ಲಿ ಕಂಡದ್ದು ‘...ಈ ವಿಧಾನ ಮರಿಗಳಿಗೆ’ ಅನ್ನುವವರೆಗೆ ಮಾತ್ರ. ಕನ್ನಡದಲ್ಲಿ ‘ಅಲ್ಲ’, ‘ಬೇಡ’, ‘ಕೂಡದು’ ಎಲ್ಲ ವಾಕ್ಯದ ಕೊನೆಗೇ ಬರುವುದಲ್ಲವೇ? ಕತ್ತರಿ ಬೀಳುವುದೂ ಅಲ್ಲಿಗೇ. ಎಚ್ಚರಿಕೆ ಹೋಗಿ ಆಹ್ವಾನ ಉಳಿಯಿತು! ಮೇಲಾಗಿ ‘ಮರಿ’ ಅನ್ನುವ ಪದ ಟೈಟಲ್‌ನಲ್ಲಿ ಇದ್ದರೆ ಮರಿ ಅಂತ ಹುಡುಕುವವರಿಗೆ ಅದೇ ವಿಡಿಯೊ ತೋರಿಸುವ ಸಾಧ್ಯತೆ ಹೆಚ್ಚುತ್ತದೆ. ಹುಡುಕಾಟಕ್ಕೆ ಪದ ಬೇಕು, ಅದರ ಹಿಂದಿನ ‘ಅಲ್ಲ’ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

ಆಮೇಲಿಂದ ಟೈಟಲ್‌ನಲ್ಲಿ ‘ಯಾರಿಗೆ ಅಲ್ಲ’ ಅಂತ ಬರೆಯುವುದನ್ನು ಬಿಟ್ಟೆ. ಯಾರಿಗೆ ಅನ್ನುವುದನ್ನೇ ಮೊದಲ ಪದದಲ್ಲಿ ಇಡುತ್ತೇನೆ. ‘ಅಲ್ಲ’ ಅನ್ನುವುದಕ್ಕೆ ಬೇರೆ ಜಾಗಗಳಿವೆ, ಅಲ್ಲಿಗೆ ಬರುತ್ತೇನೆ.

‘ದೊಡ್ಡ ನಾಯಿ’ ಅನ್ನುವುದೂ ಸರಿಹೋಗಲಿಲ್ಲ. ದೊಡ್ಡದು ಅಂದರೆ ವಯಸ್ಸಿನಲ್ಲೋ ಗಾತ್ರದಲ್ಲೋ? ನಾಲ್ಕು ತಿಂಗಳ ಗ್ರೇಟ್ ಡೇನ್ ಮರಿ ನಮ್ಮ ಪಕ್ಕದ ಮನೆಯ ಮುದಿ ಪಾಮೇರಿಯನ್‌ಗಿಂತ ದೊಡ್ಡದಿರುತ್ತದೆ. ಇನ್ನು ‘ಮರಿ’ ಅನ್ನುವುದನ್ನಂತೂ ನಾವು ಪ್ರೀತಿಗೆ ಬಳಸುತ್ತೇವೆ. ಐದು ವರ್ಷದ ಪಗ್‌ಗೂ ‘ಬಾ ಮರಿ’ ಅನ್ನುತ್ತೇವೆ. ‘ವಯಸ್ಕ ನಾಯಿ’ ಅಂದರೆ ಸರಿ, ಆದರೆ ಯಾರೂ ಹಾಗೆ ಮಾತಾಡುವುದಿಲ್ಲ, ಹುಡುಕುವುದೂ ಇಲ್ಲ. ಅಂಕಿಯೇ ವಾಸಿ. ‘6 ವರ್ಷದ’, ‘2 ತಿಂಗಳ’ ಅಂದರೆ ಅನುಮಾನಕ್ಕೆ ಜಾಗವಿಲ್ಲ, ಎರಡೇ ಪದದ ಜಾಗ ಸಾಕು. ‘ಸೀನಿಯರ್’ ಅನ್ನುವ ಪದಕ್ಕೂ ಇದೇ ಕಷ್ಟ. ಗ್ರೇಟ್ ಡೇನ್‌ಗೆ ಏಳು ವರ್ಷ ಅಂದರೆ ಮುಪ್ಪು, ಚಿಕ್ಕ ತಳಿಗಳಿಗೆ ಅದು ನಡುವಯಸ್ಸು.

ಕೊನೆಗೆ ನಿಂತ ಟೈಟಲ್: ‘6 ವರ್ಷದ ಲ್ಯಾಬ್ರಡಾರ್ ವಾಂತಿ: ಡಾಕ್ಟರ್ ನೋಡಿದ ಮೇಲೆ ಒಂದು ದಿನದ ಆರೈಕೆ’. ವಯಸ್ಸು, ತಳಿ, ವಿಷಯ ಮೂರೂ ಮೊದಲ ನಾಲ್ಕು ಪದಗಳಲ್ಲಿ ಬಂದವು. ‘ಮನೆಮದ್ದು’ ಹೋಯಿತು. ಅದು ಸುಳ್ಳೂ ಆಗಿತ್ತು, ಯಾಕೆಂದರೆ ಡಾಕ್ಟರ್ ಹೇಳಿದ್ದನ್ನು ಮನೆಯಲ್ಲಿ ಮಾಡಿದ್ದು ಬಿಟ್ಟರೆ ನನ್ನದೇನೂ ಇರಲಿಲ್ಲ. ‘ಗುಣ’ ಅನ್ನುವುದೂ ಹೋಯಿತು.

ತಳಿಯ ಹೆಸರು ಹಾಕುವಾಗ ನಾನು ಈಗ ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ತಳಿ ಬೇರೆಯಾದರೆ ಈ ಮಾತು ಬದಲಾಗುತ್ತಾ? ಲ್ಯಾಬ್ ವಿಷಯದಲ್ಲಿ ಬದಲಾಗುತ್ತದೆ. ಸಿಕ್ಕಿದ್ದನ್ನೆಲ್ಲ ನುಂಗುವ ನಾಯಿ ಅದು. ವಾಂತಿ ಅಂದ ಕೂಡಲೇ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ‘ಮನೇಲಿ ಕಾಲುಚೀಲ ಎಲ್ಲ ಲೆಕ್ಕಕ್ಕಿದೆಯಾ?’ ಅಂತ. ಹೊಟ್ಟೆಯಲ್ಲಿ ಬಟ್ಟೆ ಸಿಕ್ಕಿಕೊಂಡಿದ್ದರೆ ಅನ್ನ ಚಿಕನ್ ಕೊಟ್ಟು ಕಾಯುವುದು ತಪ್ಪು. ಹಾಗಾಗಿ ತಳಿಯ ಹೆಸರಿಗೆ ಅರ್ಥವಿದೆ.

ನಮ್ಮ ಮುಧೋಳ ನಾಯಿಯದು ಇನ್ನೂ ಚೆನ್ನಾದ ಉದಾಹರಣೆ. ಆರೋಗ್ಯವಾಗಿರುವ ಮುಧೋಳದ ಮೈ ತೆಳ್ಳಗೆ, ಕೊನೆಯ ಕೆಲವು ಪಕ್ಕೆಲುಬು ಕಾಣುವ ಹಾಗೆ ಇರುತ್ತದೆ. ಓಡುವ ನಾಯಿಯ ಮೈಕಟ್ಟೇ ಹಾಗೆ. ಅದೇ ರೀತಿ ಲ್ಯಾಬ್‌ನ ಪಕ್ಕೆಲುಬು ಎದ್ದು ಕಂಡರೆ ಡಾಕ್ಟರ್‌ಗೆ ತೋರಿಸಬೇಕು. ‘ನಾಯಿ ಸಣ್ಣಗಿದ್ದರೆ ಹೀಗೆ ದಪ್ಪ ಮಾಡಿ’ ಅಂತ ತಳಿ ಹೇಳದೆ ವಿಡಿಯೊ ಹಾಕಿದರೆ, ಚೆನ್ನಾಗಿರುವ ಮುಧೋಳಕ್ಕೆ ಬೊಜ್ಜು ಬರಿಸಲು ಹೇಳಿದ ಹಾಗಾಗುತ್ತದೆ. ಔಷಧಿಯ ವಿಷಯದಲ್ಲಿ ತಳಿ ಇನ್ನೂ ಗಂಭೀರ. ಐವರ್‌ಮೆಕ್ಟಿನ್ ಅನ್ನುವ ಹುಳದ ಔಷಧಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟರೆ, ಕಾಲಿ ಮತ್ತು ಅದಕ್ಕೆ ಹತ್ತಿರದ ಕೆಲವು ತಳಿಗಳಲ್ಲಿರುವ ಒಂದು ಜೀನ್ ದೋಷದಿಂದ ಅದು ಮಿದುಳಿಗೆ ಸೇರಿ ಪ್ರಾಣಕ್ಕೇ ಕುತ್ತು ತರಬಲ್ಲದು. ಬೇರೆ ನಾಯಿ ತಡೆದುಕೊಳ್ಳುವ ಪ್ರಮಾಣವನ್ನು ಅವು ತಡೆದುಕೊಳ್ಳುವುದಿಲ್ಲ.

ತಳಿಯಿಂದ ಏನೂ ಬದಲಾಗದ ವಿಷಯವಾದರೆ ತಳಿ ಹಾಕಬೇಡಿ. ಉಗುರು ಕತ್ತರಿಸುವ ವಿಡಿಯೊಗೆ ‘ಹಸ್ಕಿ, ಪಗ್, ಶೆಫರ್ಡ್, ಗೋಲ್ಡನ್’ ಅಂತ ಸರಮಾಲೆ ಕಟ್ಟುವುದು ಬಲೆ ಬೀಸಿದ ಹಾಗೆ. ಡಿಸ್ಕ್ರಿಪ್ಷನ್‌ನಲ್ಲಿ ಹೀಗೆ ಟ್ಯಾಗ್‌ಗಳನ್ನು ರಾಶಿ ಹಾಕುವುದು ಯೂಟ್ಯೂಬಿನ ನಿಯಮಕ್ಕೂ ವಿರುದ್ಧ. ಟ್ಯಾಗ್ ಹಾಕುವ ಜಾಗ ಬೇರೆ ಇದೆ. ಅದರ ಪ್ರಭಾವ ಕಡಿಮೆ ಅಂತ ಯೂಟ್ಯೂಬೇ ಹೇಳುತ್ತದೆ, ಜನ ತಪ್ಪಾಗಿ ಬರೆಯುವ ಪದಗಳಿಗೆ ಮಾತ್ರ ಅದು ಹೆಚ್ಚು ಉಪಯೋಗ. ನಮಗೆ ಅದೇ ಬೇಕಾದದ್ದು, ಯಾಕೆಂದರೆ ವಾಂತಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ನಾಲ್ಕು ಥರ ಬರೆಯುತ್ತೇವೆ. ಈಗ ನನ್ನ ಟ್ಯಾಗ್‌ಗಳು ಇಷ್ಟೇ:

```
labrador vanti, labrador vaanthi, lab nayi vanthi,
adult labrador vomiting kannada
```

puppy, parvo, cat ಮೂರನ್ನೂ ತೆಗೆದೆ. ಬೆಕ್ಕಿನದು ತೆಗೆದಾಗ ಬೆನ್ನಲ್ಲಿ ಸಣ್ಣಗೆ ನಡುಕ ಬಂತು. ನಾಯಿಯ ವಿಡಿಯೊ ನೋಡಿ ಬೆಕ್ಕಿಗೆ ಔಷಧಿ ಕೊಡುವವರು ಇರುತ್ತಾರೆ. ಮನುಷ್ಯರ ಪ್ಯಾರಾಸಿಟಮಾಲ್ ಒಂದು ಮಾತ್ರೆ ಸಾಕು ಬೆಕ್ಕಿನ ಪ್ರಾಣ ತೆಗೆಯಲು.

ಇನ್ನು ಡಿಸ್ಕ್ರಿಪ್ಷನ್. 5000 ಅಕ್ಷರ ಬರೆಯಬಹುದು, ಆದರೆ ಫೋನಿನಲ್ಲಿ ಒತ್ತಿದರೆ ಮಾತ್ರ ಅದು ತೆರೆದುಕೊಳ್ಳುತ್ತದೆ. ತೆರೆದವರಿಗೆ ಮೊದಲು ಕಾಣುವ ಎರಡು ಸಾಲು ಈಗ ಹೀಗಿವೆ: ‘ಇದು ಲಸಿಕೆಗಳೆಲ್ಲ ಆಗಿರುವ 6 ವರ್ಷದ ಲ್ಯಾಬ್ರಡಾರ್‌ನ ಒಂದು ದಿನದ ಅನುಭವ. 6 ತಿಂಗಳೊಳಗಿನ ಮರಿಗೆ ವಾಂತಿ ಆಗುತ್ತಿದ್ದರೆ ವಿಡಿಯೊ ನಿಲ್ಲಿಸಿ, ಪಶುವೈದ್ಯರಿಗೆ ಫೋನ್ ಮಾಡಿ.’ ತಂಬ್‌ನೇಲ್ ಚಿತ್ರದ ಮೂಲೆಯಲ್ಲೂ ‘ಮರಿಗೆ? ಮೊದಲು ಡಾಕ್ಟರ್’ ಅಂತ ಹಾಕಿದೆ. ಅಲ್ಲಿ ಬರೆದದ್ದಕ್ಕೆ ಕತ್ತರಿ ಬೀಳುವುದಿಲ್ಲ.

ಹಳೆಯ ಡಿಸ್ಕ್ರಿಪ್ಷನ್‌ನ ಕೊನೆಯಲ್ಲಿ ‘ಇದು ವೈದ್ಯಕೀಯ ಸಲಹೆಯಲ್ಲ, ವೈದ್ಯರನ್ನು ಸಂಪರ್ಕಿಸಿ’ ಅಂತ ಒಂದು ಸಾಲು ಇತ್ತು. ಎಲ್ಲರೂ ಹಾಕುತ್ತಾರಲ್ಲ, ನಾನೂ ಹಾಕಿದ್ದೆ. ಡಾಕ್ಟರ್ ಅದನ್ನು ಓದಿ ನಕ್ಕರು. ‘ಯಾವಾಗ ಸಂಪರ್ಕಿಸಬೇಕು ಅಂತ ಹೇಳದೇ ಇದ್ರೆ ಇದರಿಂದ ನಿಮಗೆ ಉಪಯೋಗ, ನಾಯಿಗಲ್ಲ’ ಅಂದರು. ಹುಷಾರಾಗಿ ಬರೆಯುವುದು ಅಂದರೆ ಎಲ್ಲ ಕಡೆ ‘ಬಹುದು’ ಸೇರಿಸುವುದು ಅಂತ ನಾನು ಅಂದುಕೊಂಡಿದ್ದೆ. ಅವರ ಜೊತೆ ಕೂತು ಒಂದೊಂದೇ ವಾಕ್ಯ ನೋಡಿದಾಗ ಅದು ಸರಿಯಲ್ಲ ಅಂತ ಅರ್ಥವಾಯಿತು.

ವಾಸಿಯಾಗುವ ವಿಷಯದಲ್ಲಿ ಮಾತು ಹಿಂಜರಿಯಬೇಕು. ‘ಅನ್ನ ಚಿಕನ್ ಕೊಡಿ, ವಾಂತಿ ನಿಲ್ಲುತ್ತದೆ’ ಅನ್ನುವುದನ್ನು ‘ಡಾಕ್ಟರ್ ಹೇಳಿದ ಮೇಲೆ ಬೆಲ್ಲಗೆ ಅನ್ನ ಚಿಕನ್ ಕೊಟ್ಟೆವು, ಮರುದಿನ ಬೆಳಿಗ್ಗೆ ವಾಂತಿ ನಿಂತಿತ್ತು’ ಅಂತ ಬರೆದೆವು. ‘ಕೊಡಿ’ ಅನ್ನುವುದು ‘ಕೊಟ್ಟೆವು’ ಆಯಿತು, ನಾಯಿಯ ಹೆಸರು ಬಂತು, ಅಷ್ಟೇ ಬದಲಾವಣೆ. ಊಟದಿಂದಲೇ ನಿಂತಿತು ಅಂತಲೂ ಈಗ ಆ ವಾಕ್ಯ ಹೇಳುವುದಿಲ್ಲ. ತಾನಾಗಿಯೇ ನಿಂತಿರಲೂಬಹುದು, ನನಗೆ ಹೇಗೆ ಗೊತ್ತು?

ಅಪಾಯದ ಲಕ್ಷಣದ ವಿಷಯದಲ್ಲಿ ಮಾತು ಹಿಂಜರಿಯಬಾರದು. ‘ರಕ್ತ ಕಂಡರೆ ವೈದ್ಯರನ್ನು ಕಾಣುವುದು ಒಳ್ಳೆಯದಾಗಬಹುದು’ ಅಂತ ನಾನು ಬರೆದಿದ್ದೆ. ಅವರು ಪೆನ್ನು ತೆಗೆದು ಹೊಡೆದುಹಾಕಿ ‘ರಕ್ತ ಕಂಡರೆ ಈಗಲೇ ಆಸ್ಪತ್ರೆಗೆ’ ಅಂತ ಬರೆದರು. ಹಾಗೆ ನೇರವಾಗಿ ಬರೆದ ಸಾಲುಗಳು ಐದು: ವಾಂತಿ ಅಥವಾ ಭೇದಿಯಲ್ಲಿ ರಕ್ತ, ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲದಿರುವುದು, ಎದ್ದು ನಿಲ್ಲಲಾರದಷ್ಟು ಸುಸ್ತು, ವಸಡು ಬಿಳಿಚಿಕೊಂಡಿರುವುದು, ಹೊಟ್ಟೆ ಉಬ್ಬಿ ವಾಂತಿಗೆ ಒದ್ದಾಡಿದರೂ ಏನೂ ಬಾರದಿರುವುದು. ಕೊನೆಯದು ದೊಡ್ಡ ಗಾತ್ರದ ತಳಿಗಳಲ್ಲಿ ಹೊಟ್ಟೆ ತಿರುಚಿಕೊಂಡದ್ದರ ಲಕ್ಷಣ. ಅದಕ್ಕೆ ಬೆಳಗಾಗುವವರೆಗೆ ಕಾಯುವ ಸಮಯ ಇರುವುದಿಲ್ಲ.

ಮಾತ್ರೆಯ ಹೆಸರು, ಎಷ್ಟು ಎಂ.ಎಲ್. ಅನ್ನುವುದನ್ನು ಪೂರ್ತಿ ತೆಗೆದೆವು. ಡೋಸ್ ತೂಕದ ಮೇಲೆ ಹೋಗುತ್ತದೆ. ಬೆಲ್ಲಳ ತೂಕಕ್ಕೆ ಬರೆದದ್ದನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದರೆ, ಅಲ್ಲಿ ಬೆಲ್ಲಳೂ ಇರುವುದಿಲ್ಲ, ಅವಳ ಮೂವತ್ತು ಕೆಜಿಯೂ ಇರುವುದಿಲ್ಲ.

ನಾಲ್ಕನೇ ನಿಮಿಷದಲ್ಲಿ ಹೂತುಹೋಗಿದ್ದ ಎಚ್ಚರಿಕೆಯನ್ನು ಮುಂದಕ್ಕೆ ತರುವ ಹಾಗಿರಲಿಲ್ಲ. ಹಾಗಾಗಿ ಚಾಪ್ಟರ್ ಹಾಕಿದೆ. ಡಿಸ್ಕ್ರಿಪ್ಷನ್‌ನಲ್ಲಿ ಸಮಯ ಬರೆದರೆ ಸಾಕು, ಯೂಟ್ಯೂಬ್ ತಾನೇ ವಿಭಾಗ ಮಾಡುತ್ತದೆ. ಮೊದಲನೆಯದು 00:00 ಇರಬೇಕು, ಕನಿಷ್ಠ ಮೂರು ಇರಬೇಕು, ಒಂದೊಂದೂ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು.

```
00:00 ಬೆಲ್ಲ, 6 ವರ್ಷ, ಲ್ಯಾಬ್: ಏನಾಯಿತು
01:20 ಡಾಕ್ಟರ್ ಏನು ನೋಡಿದರು
02:35 ಆ ದಿನದ ಊಟ, ನೀರು
04:05 ಮರಿಗಳು: ಕಾಯಬೇಡಿ, ಆಸ್ಪತ್ರೆಗೆ
```

ಇದರ ಬೆಲೆಯನ್ನೂ ಹೇಳಿಬಿಡುತ್ತೇನೆ. ಆ ವಿಡಿಯೊ ನೋಡುವವರು ಅರ್ಧಕ್ಕಿಂತ ಕಡಿಮೆಯಾದರು. ‘ಮನೆಮದ್ದು’ ಅನ್ನುವ ಪದಕ್ಕೆ ಅಷ್ಟು ಬಲ ಇದೆ. ಒಂದು ವಾರ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಈಗ ಬರುವವರ ಪ್ರಶ್ನೆಗಳು ಬೇರೆ ಥರ ಇವೆ. ‘ನಮ್ಮದೂ ಲ್ಯಾಬ್, ಎಂಟು ವರ್ಷ’ ಅಂತ ಅವರೇ ವಯಸ್ಸು, ತಳಿ ಮೊದಲು ಹೇಳಿ ಮಾತು ಶುರುಮಾಡುತ್ತಾರೆ.

ಇನ್ನೊಂದು ಕೆಲಸ ಉಳಿದಿತ್ತು. nayi mari vanti ಅಂತ ಹುಡುಕುವವರು ನನ್ನ ವಿಡಿಯೊ ಬಿಟ್ಟರೆ ಬೇರೆ ಯಾರದೋ ‘100% ಗ್ಯಾರಂಟಿ’ಗೆ ಹೋಗುತ್ತಾರೆ. ಅವರಿಗೆ ಅಂತಲೇ ಡಾಕ್ಟರ್ ಜೊತೆ ಇನ್ನೊಂದು ವಿಡಿಯೊ ಮಾಡಿದೆ, ಒಂದು ನಿಮಿಷದ್ದು. ಟೈಟಲ್: ‘2 ರಿಂದ 6 ತಿಂಗಳ ನಾಯಿಮರಿ ವಾಂತಿ: ಆಸ್ಪತ್ರೆಗೆ ಹೊರಡುವ ಮುಂಚೆ’. ಇಲ್ಲಿ ತಳಿ ಹಾಕಲಿಲ್ಲ. ಪಾರ್ವೊ ತಳಿ ನೋಡಿಕೊಂಡು ಬರುವುದಿಲ್ಲ, ನಾಟಿ ಮರಿಗೂ ಬರುತ್ತದೆ. ಅದರಲ್ಲಿ ಆರೈಕೆಯ ಮಾತೇ ಇಲ್ಲ. ಡಾಕ್ಟರಿಗೆ ಏನು ಹೇಳಬೇಕು ಅನ್ನುವುದಷ್ಟೇ ಇದೆ: ವಯಸ್ಸು ಎಷ್ಟು ವಾರ, ಯಾವ ಲಸಿಕೆ ಯಾವಾಗ ಆಯಿತು, ವಾಂತಿ ಎಷ್ಟು ಹೊತ್ತಿಗೆ ಶುರುವಾಯಿತು, ಭೇದಿಯ ಒಂದು ಫೋಟೊ. ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ಹೇಳುವುದು, ಅಲ್ಲಿ ಮರಿಯನ್ನು ನೆಲಕ್ಕೆ ಬಿಡದೆ ಎತ್ತಿಕೊಂಡಿರುವುದು, ಯಾಕೆಂದರೆ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿದು ಬೇರೆ ಮರಿಗಳಿಗೆ ಅಂಟುತ್ತದೆ. ಹಾಕುವ ಮುಂಚೆ ತುಮಕೂರಿನವರಿಗೆ ಕಳಿಸಿ, ‘ನಿಮಗೆ ಅವತ್ತು ಇದು ಸಿಕ್ಕಿದ್ರೆ ಅರ್ಥ ಆಗ್ತಿತ್ತಾ?’ ಅಂತ ಕೇಳಿದೆ. ‘ತಿಂಗಳು ಅನ್ನೋದನ್ನ ಚಿತ್ರದ ಮೇಲೂ ಹಾಕಿ ಮೇಡಂ, ನಾನು ಚಿತ್ರ ನೋಡೇ ಒತ್ತಿದ್ದು’ ಅಂದರು. ಹಾಕಿದೆ.

ಮುಂದಿನದು ಮುಧೋಳ ನಾಯಿಯ ಮೈಮೇಲಿನ ಉಣ್ಣಿಯ ಬಗ್ಗೆ, ಗೆಳತಿಯ ಮನೆಯ ಮೂರು ವರ್ಷದ ನಾಯಿ. ಶೂಟಿಂಗ್ ಮುಗಿದು ಹದಿನೈದು ದಿನವಾಯಿತು, ಟೈಟಲ್ ಇನ್ನೂ ನಿಂತಿಲ್ಲ. ನಾವು ಉಣ್ಣಿ ಅನ್ನುತ್ತೇವೆ, ಮಲೆನಾಡಿನ ಗೆಳತಿ ಉಣುಗು ಅನ್ನುತ್ತಾಳೆ, ಇನ್ನು ಕೆಲವರು ಉಣ್ಣೆ ಅಂತಲೇ ಬರೆಯುತ್ತಾರೆ. unne ಅಂತ ಹುಡುಕಿದರೆ ಪೂರ್ತಿ ಸ್ವೆಟರ್ ಹೆಣೆಯುವ ವಿಡಿಯೊಗಳು.